42−17=35: ಮೂರು ತಪ್ಪು, ಒಂದೇ ಉತ್ತರ

ಬಯಲುಸೀಮೆಯ ಒಂದು ಹಳ್ಳಿ, ಅಲ್ಲೊಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನನ್ನದು ನಲಿ-ಕಲಿ ತರಗತಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆ ವರ್ಷ ಒಟ್ಟು 23 ಮಕ್ಕಳಿದ್ದರು, ಅವರಲ್ಲಿ ಎರಡನೇ ತರಗತಿಯವರು 11. ಎಲ್ಲರಿಗೂ ಏಳು ವರ್ಷದ ಆಸುಪಾಸು. ಈ 11 ಜನರಲ್ಲಿ ಆರು ಮಕ್ಕಳ ಕಥೆ ಇದು. ಹೆಸರು ಬರೆಯುವುದಿಲ್ಲ. ಅಂಗಡಿ ಹುಡುಗಿ, ಜಡೆ ಹುಡುಗಿ, ಸಂಘದ ಹುಡುಗ, ಕಿಟಕಿ ಹುಡುಗ ಅಂತ ನಾಲ್ವರನ್ನು ಕರೆಯುತ್ತೇನೆ. ಉಳಿದ ಇಬ್ಬರು ಇವರ ಜೊತೆಜೊತೆಗೇ ಸಾಗಿದರು.

ಆಗಸ್ಟ್ ಕೊನೆಯ ಹೊತ್ತಿಗೆ ಎರಡಂಕಿ ಸಂಖ್ಯೆಗಳನ್ನು ಕೂಡುವುದು ಬಂದಿತ್ತು. 48ರಲ್ಲಿ 15 ಕಳೆಯುವಂಥ ಸುಲಭದ ಲೆಕ್ಕವೂ ಬರುತ್ತಿತ್ತು. ಮೇಲಿನ ಬಿಡಿ ಚಿಕ್ಕದು, ಕೆಳಗಿನ ಬಿಡಿ ದೊಡ್ಡದು ಆದಾಗಲೇ ಎಡವಟ್ಟು. ಒಂದು ದಿನ ಬೋರ್ಡಿನ ಮೇಲೆ ಎರಡೇ ಲೆಕ್ಕ ಬರೆದೆ: 42−17 ಮತ್ತು 53−28. ಐದು ಮಕ್ಕಳು ಎರಡಕ್ಕೂ 25 ಅಂತ ಸರಿಯಾಗಿ ಬರೆದರು. ಆರು ಮಕ್ಕಳ ಸ್ಲೇಟಿನಲ್ಲಿ ಎರಡಕ್ಕೂ 35.

ಆರೂ ಜನರದ್ದು ಒಂದೇ ಉತ್ತರ. ಹಾಗಾಗಿ ಆರೂ ಜನರ ತಪ್ಪು ಒಂದೇ ಅಂದುಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಅದು ಗೊತ್ತಾಗಲು ಮೂರು ವಾರ ಬೇಕಾಯಿತು.

ಸ್ಲೇಟ್ ಲೆಕ್ಕ, ದುಡ್ಡಿನ ಲೆಕ್ಕ

ಮೊದಲು ಮಾತಾಡಿಸಿದ್ದು ಅಂಗಡಿ ಹುಡುಗಿಯನ್ನು. ಅವರ ಮನೆಯ ಮುಂದೇ ಒಂದು ಚಿಕ್ಕ ಅಂಗಡಿ. ಬಿಸ್ಕತ್ತು, ಶಾಂಪೂ ಪ್ಯಾಕೆಟ್, ಬೀಡಿ ಎಲ್ಲ ಸಿಗುತ್ತದೆ. ಅಮ್ಮ ಒಳಗಿದ್ದರೆ ಗಲ್ಲಾ ಪೆಟ್ಟಿಗೆ ಹತ್ತಿರ ಇವಳೇ ಕೂರುತ್ತಾಳೆ. ಅವಳಿಗೆ 61−9 ಕೊಟ್ಟೆ. 68 ಅಂತ ಬರೆದಳು.

"ಇದು ಹೇಗೆ ಬಂತು ಪುಟ್ಟಿ?"

"ಒಂಬತ್ತರಲ್ಲಿ ಒಂದು ತೆಗೆದ್ರೆ ಎಂಟು. ಆರು ಹಂಗೇ ಇಳಿಸಿದೆ ಮಿಸ್."

"ಸರಿ, ನಿನ್ನತ್ರ 61 ರೂಪಾಯಿ ಇದೆ. 9 ರೂಪಾಯಿ ಖರ್ಚು ಮಾಡಿದೆ. ಎಷ್ಟು ಉಳೀತು?"

ಬೆರಳು ಮಡಚುತ್ತಾ ಹಿಂದಕ್ಕೆ ಎಣಿಸಿದಳು. "52."

"ಮತ್ತೆ ಸ್ಲೇಟಲ್ಲಿ 68 ಇದೆಯಲ್ಲ?"

ಅವಳಿಗೆ ಇದರಲ್ಲಿ ಗೊಂದಲವೇ ಕಾಣಲಿಲ್ಲ. "ಅದು ದುಡ್ಡಿನ ಲೆಕ್ಕ ಮಿಸ್. ಇದು ಸ್ಲೇಟ್ ಲೆಕ್ಕ."

ಇದ್ದ 61ರಿಂದ 9 ತೆಗೆದರೆ 68 ಆಗುವುದು ಅವಳ ಪಾಲಿಗೆ ವಿಚಿತ್ರವೇ ಅಲ್ಲ. ಸ್ಲೇಟಿನ ಮೇಲಿರುವುದು ಅರವತ್ತೊಂದು ಅಲ್ಲವೇ ಅಲ್ಲ, ಪಕ್ಕಪಕ್ಕ ಕೂತ ಆರು ಮತ್ತು ಒಂದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹೇಳಿಕೊಟ್ಟವಳು ನಾನೇ. ಅವಳು ಅದನ್ನು ಪ್ರತಿ ಮನೆಗೂ ಬೇರೆಬೇರೆಯಾಗಿ ಪಾಲಿಸಿದಳು, ಅಷ್ಟೇ.

ಸ್ಥಾನಬೆಲೆಯೇ ಗಟ್ಟಿಯಾಗಿಲ್ಲ ಅಂತ ನನಗೆ ಖಾತ್ರಿಯಾಯಿತು. 42 ಅಂತ ಬರೆದು, ಕಲ್ಲುಗಳನ್ನು ಮುಂದಿಟ್ಟು, "ಈ ನಾಲ್ಕಕ್ಕೆ ಎಷ್ಟು ಕಲ್ಲು, ತೋರಿಸು" ಅಂತ ಆರೂ ಜನರನ್ನು ಒಬ್ಬೊಬ್ಬರಾಗಿ ಕೇಳಿದೆ. ನಾಲ್ವರು ನಾಲ್ಕೇ ಕಲ್ಲು ಎತ್ತಿಟ್ಟರು. ಆಮೇಲೆ ಎರಡಕ್ಕೆ ಎರಡು. "ಹಾಗಾದ್ರೆ ಮಿಕ್ಕ ಕಲ್ಲುಗಳು ಯಾರದ್ದು?" ಅಂದರೆ ಸುಮ್ನೆ ನನ್ನ ಮುಖ ನೋಡಿದರು. ಜಡೆ ಹುಡುಗಿ ಮತ್ತು ಸಂಘದ ಹುಡುಗ ಮಾತ್ರ ನಲವತ್ತು ಕಲ್ಲು ಬೇಕು ಅಂದರು. ಈ ವ್ಯತ್ಯಾಸ ಅವತ್ತೇ ನನ್ನ ಕಣ್ಣಿಗೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ.

ಬ್ಲಾಕ್ ಬಂದವು, ಮನೆ ಕಟ್ಟಿದರು

ನಮ್ಮ ಶಾಲೆಯ ಬೀರುವಿನಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇತ್ತು. ಅದು ನಾಲ್ಕು-ಐದನೇ ತರಗತಿಯವರಿಗೆ. ಹೆಡ್ ಮೇಷ್ಟ್ರನ್ನು ಕೇಳಿ ಅದರಲ್ಲಿದ್ದ ಹತ್ತರ ಬ್ಲಾಕ್‌ಗಳನ್ನು ತಂದೆ. ನೋಡಿಲ್ಲದವರಿಗೆ ಹೇಳುವುದಾದರೆ, ಬಿಡಿ ಅಂದರೆ ಒಂದು ಚಿಕ್ಕ ಘನ. ಹತ್ತು ಬಿಡಿ ಸಾಲಾಗಿ ಅಂಟಿಕೊಂಡಷ್ಟು ಉದ್ದದ್ದು ಒಂದು ಹತ್ತರ ಕೋಲು. ಹತ್ತು ಕೋಲು ಪಕ್ಕಪಕ್ಕ ಇಟ್ಟಷ್ಟು ಅಗಲದ್ದು ನೂರರ ಹಲಗೆ. ಕೋಲಿನ ಮೇಲೆ ಗೆರೆಗಳಿರುತ್ತವೆ, ಆದರೆ ಅದನ್ನು ಮುರಿಯಲು ಬರುವುದಿಲ್ಲ. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ.

ಮೊದಲ ದಿನ ಪಾಠ ಆಗಲಿಲ್ಲ. ಮನೆ ಕಟ್ಟಿದರು, ದನದ ಕೊಟ್ಟಿಗೆ ಕಟ್ಟಿದರು, ಕೋಲುಗಳಿಂದ ಬೇಲಿ ಹಾಕಿದರು. ನಾನು ಬೈದೆ. ಎರಡನೇ ದಿನವೂ ಅದೇ. ಆಮೇಲೆ ಬುದ್ಧಿ ಬಂದು ಒಂದು ಪೂರ್ತಿ ಪೀರಿಯಡ್ ಆಟಕ್ಕೇ ಬಿಟ್ಟೆ. ಮೂರನೇ ದಿನ ತಾವಾಗೇ ಕೇಳಿದರು, "ಮಿಸ್, ಇದ್ರಲ್ಲಿ ಏನ್ ಮಾಡ್ಬೇಕು?" ಕೈಗೆ ಹೊಸದಾಗಿ ಸಿಕ್ಕ ಬಣ್ಣದ ವಸ್ತುವಿನಲ್ಲಿ ಮೊದಲು ಆಡಲೇಬೇಕು. ಆ ಒಂದು ಪೀರಿಯಡ್ ಮೊದಲೇ ಬಿಟ್ಟಿದ್ದರೆ ಎರಡು ದಿನ ಉಳಿಯುತ್ತಿತ್ತು.

ಆಮೇಲೆ 42−17. "42 ಇಡಿ" ಅಂದೆ, ಇಟ್ಟರು. "17 ತೆಗೀಬೇಕು" ಅಂದೆ. ಕಿಟಕಿ ಹುಡುಗ ಡಬ್ಬಿಯಿಂದ ಇನ್ನೊಂದು ಕೋಲು, ಏಳು ಬಿಡಿ ತಂದು 42ರ ಕೆಳಗೆ ಸಾಲಾಗಿ ಜೋಡಿಸಿದ, ಥೇಟ್ ಬೋರ್ಡಿನ ಮೇಲಿದ್ದ ಹಾಗೆ. ಆಮೇಲೆ ಆ 17ನ್ನು ಎತ್ತಿ ಡಬ್ಬಿಗೆ ಹಾಕಿದ. "ತೆಗೆದೆ ಮಿಸ್!" ಮ್ಯಾಟಿನ ಮೇಲೆ 42 ಹಾಗೇ ಇತ್ತು.

ನಗು ಬಂತು. ಆದರೆ ತಪ್ಪು ಅವನದ್ದಲ್ಲ. ಕೂಡುವಾಗ ಎರಡೂ ಸಂಖ್ಯೆಗಳನ್ನು ಇಟ್ಟಿದ್ದೆವು, ಕಳೆಯುವಾಗಲೂ ಇಟ್ಟ. ಕಳೆಯುವ ಲೆಕ್ಕದಲ್ಲಿ ಬ್ಲಾಕ್ ಇರುವುದು ಮೇಲಿನ ಸಂಖ್ಯೆಗೆ ಮಾತ್ರ. ಕೆಳಗಿನದ್ದು ಎಷ್ಟು ಎತ್ತಬೇಕು ಅನ್ನುವ ಚೀಟಿ. ಮರುದಿನದಿಂದ 17 ಅನ್ನುವುದನ್ನು ಒಂದು ರಟ್ಟಿನ ಚೂರಿನಲ್ಲಿ ಬರೆದು ಕೈಗೆ ಕೊಟ್ಟೆ. ಅಂಗಡಿಗೆ ಹೋಗುವಾಗ ಅಮ್ಮ ಕೊಡುವ ಸಾಮಾನಿನ ಚೀಟಿ ಇದ್ದ ಹಾಗೆ. ಆ ಗೊಂದಲ ಅಲ್ಲಿಗೆ ಮುಗಿಯಿತು.

ಇನ್ನೊಂದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅಂಗಡಿ ಹುಡುಗಿ ನಾಲ್ಕು ಕೋಲು, ಎರಡು ಬಿಡಿ ಇಟ್ಟು "ಒಂದು, ಎರಡು, ಮೂರು, ನಾಲ್ಕು, ಐದು, ಆರು" ಅಂತ ಎಣಿಸಿದಳು. ಕೋಲು ಅವಳಿಗೆ ಒಂದು ವಸ್ತು, ಬಿಡಿಯೂ ಒಂದು ವಸ್ತು. ಒಂದು ಉದ್ದ, ಒಂದು ಗಿಡ್ಡ. ನಾವು ದೊಡ್ಡವರು ಕೋಲಿನ ಮೇಲಿನ ಗೆರೆಗಳಲ್ಲಿ ಹತ್ತು ಕಾಣುತ್ತೇವೆ, ಯಾಕೆಂದರೆ ಹತ್ತು ಮೊದಲೇ ನಮ್ಮ ತಲೆಯಲ್ಲಿದೆ. ಅವಳಿಗೆ ಅದು ಬರೀ ಗೆರೆ.

ಕೋಲನ್ನು ಪಕ್ಕಕ್ಕಿಟ್ಟು ಪೊರಕೆ ಕಡ್ಡಿಗೆ ಇಳಿದೆ. ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಮಕ್ಕಳ ಕೈಯಲ್ಲೇ ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿಸಿದೆ. ಕಟ್ಟನ್ನು ಅವರೇ ಕಟ್ಟಿದ್ದರಿಂದ ಒಳಗೆ ಹತ್ತು ಇದೆ ಅನ್ನುವುದು ಬೆರಳಿಗೇ ಗೊತ್ತು. ಬೇಕಾದಾಗ ಬಿಚ್ಚಬಹುದು, ಬಿಚ್ಚಿದರೆ ಅದೇ ಹತ್ತು ಕಡ್ಡಿ ಹೊರಗೆ ಬೀಳುತ್ತವೆ. 42 ಅಂದರೆ ನಾಲ್ಕು ಕಟ್ಟು, ಎರಡು ಕಡ್ಡಿ. 7 ಕಡ್ಡಿ ತೆಗೆಯಬೇಕು, ಇರುವುದು ಎರಡೇ. ಏನು ಮಾಡುತ್ತೀರಿ ಅಂದಾಗ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. "ಕಟ್ಟು ಬಿಚ್ಚೋಣ ಮಿಸ್." ಒಂದು ವಾರ ಇದನ್ನೇ ಮಾಡಿದೆವು.

ಇಲ್ಲಿ ಕನ್ನಡವೂ ಒಂದು ಕೈ ಹಿಡಿಯಿತು. ಮೂವತ್ತು, ನಲವತ್ತು, ಐವತ್ತು ಅನ್ನುವಾಗ ಹತ್ತು ಕಿವಿಗೆ ಬೀಳುತ್ತದೆ. "ನಲವತ್ತೆರಡನ್ನು ಬಿಚ್ಚಿದ್ರೆ ಏನು?" ಅಂದರೆ "ಮೂವತ್ತು ಮತ್ತೆ ಹನ್ನೆರಡು" ಅಂತ ಹಾಡಿದ ಹಾಗೆ ಹೇಳುವುದನ್ನು ರೂಢಿ ಮಾಡಿಸಿದೆ. ಉಳಿದ ಇಬ್ಬರಲ್ಲಿ ಒಬ್ಬ ಮನೆಯಲ್ಲಿ ಉರ್ದು ಮಾತಾಡುವ ಹುಡುಗ. ಅವನು ಎಣಿಸುವುದು ಉರ್ದುವಿನಲ್ಲಿ. ಬಯಾಲೀಸ್ ಅನ್ನುವ ಮಾತಿನಲ್ಲಿ ನಲವತ್ತನ್ನೂ ಎರಡನ್ನೂ ಬಿಡಿಸಿ ಕೇಳಿಸಿಕೊಳ್ಳುವುದು ಏಳು ವರ್ಷದವನಿಗೆ ಕಷ್ಟ. ಅವನಿಗೆ ಎಣಿಕೆ ಉರ್ದುವಿನಲ್ಲೇ ಇರಲಿ, ಬಿಚ್ಚುವುದನ್ನು ಮಾತ್ರ ಕನ್ನಡದಲ್ಲಿ ಹೇಳು ಅಂದೆ. ಅವನೇ ಎಲ್ಲರಿಗಿಂತ ಜೋರಾಗಿ ಹೇಳತೊಡಗಿದ.

ಚಿಲ್ಲರೆ ಡಬ್ಬಿ

ಕಡ್ಡಿಯಿಂದ ಮತ್ತೆ ಬ್ಲಾಕಿಗೆ ಬರುವಾಗ ಒಂದು ಮೆಟ್ಟಿಲು ಎತ್ತರ ಜಾಸ್ತಿ. ಕಟ್ಟನ್ನು ಬಿಚ್ಚಬಹುದು, ಕೋಲನ್ನು ಬಿಚ್ಚಲು ಬರುವುದಿಲ್ಲ. ಕೋಲು ಕೊಟ್ಟು ಬೇರೆ ಹತ್ತು ಬಿಡಿ ತರಬೇಕು. ಬಿಚ್ಚುವುದೇ ಬೇರೆ, ಬದಲಿಸುವುದೇ ಬೇರೆ. ಹಾಗಿದ್ದರೆ ಕಡ್ಡಿಯಲ್ಲೇ ಇದ್ದುಬಿಡಬಹುದಲ್ವಾ ಅಂತ ನನಗೂ ಅನ್ನಿಸಿತು. ಬೇಡ ಅಂದುಕೊಂಡೆ. ಸ್ಲೇಟಿನ ಮೇಲೆ 4 ಹೊಡೆದು 3 ಬರೆಯುತ್ತೇವಲ್ಲ, ಅದೂ ಬದಲಿಸುವುದೇ. ಜೊತೆಗೆ ಮುಂದೆ ನೂರು ಬಂದಾಗ ನೂರು ಕಡ್ಡಿಯ ಹೊರೆ ಹೊರಲು ಆಗುವುದಿಲ್ಲ.

ಅಂಗಡಿ ಹುಡುಗಿಯ ಗಲ್ಲಾ ಪೆಟ್ಟಿಗೆ ನೆನಪಾಯಿತು. ಒಂದು ಸ್ಟೀಲ್ ಡಬ್ಬಿ ತಂದು "ಇದು ಚಿಲ್ಲರೆ ಡಬ್ಬಿ" ಅಂದೆ. ಹತ್ತು ರೂಪಾಯಿ ನೋಟು ಕೊಟ್ಟರೆ ಒಂದೊಂದು ರೂಪಾಯಿಯ ಹತ್ತು ನಾಣ್ಯ. ಕೋಲು ಕೊಟ್ಟರೆ ಹತ್ತು ಬಿಡಿ. ಒಂದು ಮಗು ಡಬ್ಬಿ ಹತ್ತಿರ ಕೂತು ಚಿಲ್ಲರೆ ಕೊಡಬೇಕು. ತೆಗೆದುಕೊಂಡ ಮಗು ಹತ್ತೂ ಬಿಡಿಗಳನ್ನು ಒಂದು ಕೋಲಿನ ಪಕ್ಕ ಸಾಲಾಗಿ ಇಟ್ಟು ಸಮ ಇದೆಯಾ ಅಂತ ನೋಡಬೇಕು. ಒಂಬತ್ತು ಬಂದಿದ್ದರೆ ಕೋಲು ಚಾಚಿಕೊಂಡಿರುತ್ತದೆ, ಹನ್ನೊಂದು ಬಂದಿದ್ದರೆ ಬಿಡಿ ಚಾಚಿಕೊಂಡಿರುತ್ತದೆ. ಎಣಿಸುವುದೇ ಬೇಡ.

ಜಡೆ ಹುಡುಗಿಯ ತಪ್ಪು ಹೊರಬಿದ್ದದ್ದು ಈ ಡಬ್ಬಿಯ ಹತ್ತಿರ. 42 ಇಟ್ಟಿದ್ದಳು. ಡಬ್ಬಿಗೆ ಹೋಗಿ ಹತ್ತು ಬಿಡಿ ತಂದಳು. ಕೋಲು ಕೊಡಲಿಲ್ಲ. ಮ್ಯಾಟಿನ ಮೇಲೆ ನಾಲ್ಕು ಕೋಲು, ಹನ್ನೆರಡು ಬಿಡಿ. ಏಳು ಬಿಡಿ, ಒಂದು ಕೋಲು ಎತ್ತಿದಳು. ಉಳಿದದ್ದು 35.

ಅದೇ 35! ಆದರೆ ಇವಳು ಏಳರಲ್ಲಿ ಎರಡು ಕಳೆದಿರಲಿಲ್ಲ. ಹನ್ನೆರಡರಲ್ಲಿ ಏಳನ್ನು ಸರಿಯಾಗಿಯೇ ಕಳೆದಿದ್ದಳು. ಕೊಡಬೇಕಾದ ಹತ್ತನ್ನು ಕೊಟ್ಟಿರಲಿಲ್ಲ, ಅಷ್ಟೇ. ಅವತ್ತು ಸಂಜೆ ಅವಳ ಹಳೇ ಹಾಳೆಗಳನ್ನು ತೆಗೆದು ನೋಡಿದೆ. ಎಲ್ಲ ಕಡೆ ಬಿಡಿ ಮನೆ ಸರಿ, ಹತ್ತರ ಮನೆಯಲ್ಲಿ ಒಂದು ಜಾಸ್ತಿ. ಮೇಲಿನ 4ನ್ನು ಎಲ್ಲೂ ಹೊಡೆದೇ ಇರಲಿಲ್ಲ.

ಹಾಗೇ ಲೆಕ್ಕ ಹಾಕುತ್ತಾ ಕೂತಾಗ ನನ್ನ ತಪ್ಪೂ ಹೊಳೆಯಿತು. ಬಿಡಿ ಮನೆಯಲ್ಲಿ 2 ಮತ್ತು 7. ತಿರುಗಿಸಿ ಕಳೆದರೆ 5. ಹತ್ತು ಸೇರಿಸಿ 12ರಲ್ಲಿ 7 ಕಳೆದರೂ 5. 53−28ರಲ್ಲೂ ಅದೇ: 3 ಮತ್ತು 8, ಹೇಗೆ ಕಳೆದರೂ 5. ಎರಡು ಬಿಡಿಗಳ ನಡುವಿನ ವ್ಯತ್ಯಾಸ 5 ಇದ್ದಾಗಲೆಲ್ಲ ಸರಿಯಾದ ದಾರಿ, ತಪ್ಪು ದಾರಿ ಎರಡೂ ಒಂದೇ ಕಡೆ ಹೋಗಿ ಸೇರುತ್ತವೆ. ಬೋರ್ಡಿನ ಮೇಲೆ ನಾನು ಬರೆದಿದ್ದ ಎರಡೂ ಲೆಕ್ಕ ಅಂಥವೇ. ಗೊತ್ತಿದ್ದು ಬರೆದದ್ದಲ್ಲ, ಕೈಗೆ ಬಂದದ್ದನ್ನು ಬರೆದಿದ್ದೆ.

ಮರುದಿನ ಆರೂ ಜನರಿಗೆ 43−16 ಕೊಟ್ಟೆ. ಸರಿ ಉತ್ತರ 27. ಬಿಡಿ ತಿರುಗಿಸಿ ಕಳೆಯುವವರಿಗೆ 33 ಬರುತ್ತದೆ. ಹತ್ತು ತೆಗೆದುಕೊಂಡು ಹತ್ತರ ಮನೆಯಲ್ಲಿ ಕಡಿಮೆ ಮಾಡದವರಿಗೆ 37. ಈ ಹೊತ್ತಿಗೆ ಬ್ಲಾಕ್‌ನಲ್ಲಿ ಎಲ್ಲರೂ ಸುಮಾರಾಗಿ ಮಾಡುತ್ತಿದ್ದರು. ಆದರೂ ಬರೀ ಸ್ಲೇಟಿನ ಮೇಲೆ ನಾಲ್ವರು 33 ಬರೆದರು, ಇಬ್ಬರು 37. ಇಬ್ಬರಲ್ಲಿ ಒಬ್ಬಳು ಜಡೆ ಹುಡುಗಿ. ಇನ್ನೊಬ್ಬ ಸಂಘದ ಹುಡುಗ. ಆ ಎರಡು 37ಗಳೂ ಬೇರೆಬೇರೆ.

ಸಾಲ ತಗೊಂಡ್ರೆ ಕಟ್ಟಬೇಕಲ್ವಾ

ಸಂಘದ ಹುಡುಗನ ಸ್ಲೇಟು ನೋಡಿದರೆ ಎಲ್ಲ ಸರಿ ಇತ್ತು. 4 ಹೊಡೆದು 3 ಬರೆದಿದ್ದ. 3ರ ಪಕ್ಕ 1 ಹಾಕಿ 13 ಮಾಡಿದ್ದ. 13ರಲ್ಲಿ 6 ಹೋದರೆ 7, ಸರಿ. ಮೂರರಲ್ಲಿ ಒಂದು ಹೋದರೆ ಎರಡು. ಆದರೆ ಉತ್ತರದ ಹತ್ತರ ಮನೆಯಲ್ಲಿ 3.

"ಮೂರರಲ್ಲಿ ಒಂದು ಹೋದ್ರೆ ಎಷ್ಟೋ?"

"ಎರಡು ಮಿಸ್."

"ಇಲ್ಲಿ ಮೂರು ಬರೆದಿದ್ದೀಯಲ್ಲ?"

"ಸಾಲ ವಾಪಸ್ ಕೊಟ್ಟೆ ಮಿಸ್."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅವನೇ ವಿವರಿಸಿದ. "ಪಕ್ಕದ ಮನೆಯಿಂದ ಒಂದು ಸಾಲ ತಗೊಂಡ್ವಲ್ಲ. ಸಾಲ ತಗೊಂಡ್ರೆ ಕಟ್ಟಬೇಕಲ್ವಾ? ನಮ್ಮಮ್ಮ ಸೋಮವಾರ ಸೋಮವಾರ ಸಂಘಕ್ಕೆ ಕಟ್ತಾರೆ."

ಪಕ್ಕದ ಮನೆಯಿಂದ ಸಾಲ ಅಂತ ಹೇಳಿಕೊಟ್ಟದ್ದು ನಾನು. ನನಗೆ ನಮ್ಮ ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದರು. ನಾವ್ಯಾರೂ ಆ ಸಾಲ ತೀರಿಸಿದವರಲ್ಲ! ಈ ಹುಡುಗ ಪ್ರಾಮಾಣಿಕ, ತೀರಿಸಿದ. ನಾನು ಮೂರು ವಾರದಿಂದ ಇವನಿಗೆ ನಲವತ್ತು ಅಂದರೆ ನಾಲ್ಕು ಹತ್ತು ಅಂತ ಕಲಿಸುತ್ತಿದ್ದೆ. ಅದು ಅವನಿಗೆ ಮೊದಲೇ ಗೊತ್ತಿತ್ತು. ಮೊದಲ ವಾರ ಕಲ್ಲುಗಳಲ್ಲಿ ನಲವತ್ತು ತೋರಿಸಿದ್ದು ಇವನೇ ಅಲ್ವಾ.

ಸಾಲ ಅನ್ನುವ ಪದವನ್ನು ಅವತ್ತೇ ತರಗತಿಯಿಂದ ಹೊರಗೆ ಹಾಕಿದೆ. ಆ ಪದದಲ್ಲಿ ಇನ್ನೂ ಒಂದು ಐಬು ಇದೆ. ಸಾಲ ತಂದರೆ ನಮ್ಮ ಕೈಯಲ್ಲಿ ದುಡ್ಡು ಜಾಸ್ತಿ ಆಗುತ್ತದೆ. ಇಲ್ಲಿ 42 ಜಾಸ್ತಿ ಆಗುವುದೇ ಇಲ್ಲ, ರೂಪ ಬದಲಾಗುತ್ತದೆ ಅಷ್ಟೇ. "ಚಿಲ್ಲರೆ ಮಾಡಿಸು" ಅನ್ನುವುದೇ ನಮ್ಮ ಮಾತಾಯಿತು. ಚಿಲ್ಲರೆ ಮಾಡಿಸಿದ ಮೇಲೆ ಕಳೆಯುವ ಮೊದಲು ಒಂದು ಪ್ರಶ್ನೆ ಕಡ್ಡಾಯ: "ಈಗ ಮ್ಯಾಟ್ ಮೇಲೆ ಎಷ್ಟಿದೆ?" ಉತ್ತರ ಮೊದಲಿದ್ದಷ್ಟೇ ಇರಬೇಕು. ಮೂರು ಕೋಲು, ಹನ್ನೆರಡು ಬಿಡಿ, ಮೂವತ್ತು ಮತ್ತೆ ಹನ್ನೆರಡು, ನಲವತ್ತೆರಡು. ಜಡೆ ಹುಡುಗಿಗೆ ಈ ಪ್ರಶ್ನೆಯೇ ಮದ್ದಾಯಿತು. ಒಮ್ಮೆ ಕೋಲು ಕೊಡಲು ಮರೆತು, "ಐವತ್ತೆರಡು" ಅಂತ ಎಣಿಸಿ, ನಾಲಿಗೆ ಕಚ್ಚಿಕೊಂಡು, ಓಡಿಹೋಗಿ ಡಬ್ಬಿಗೆ ಕೋಲು ಹಾಕಿ ಬಂದಳು.

ಸಂಘದ ಹುಡುಗ ಎರಡೇ ದಿನಕ್ಕೆ ಸರಿಹೋದ. ಅವನಿಗೆ ಬ್ಲಾಕ್ ಬೇಕೇ ಇರಲಿಲ್ಲ ಅಂತ ನನ್ನ ಅನಿಸಿಕೆ. ಬೇರೆ ಪದ ಬೇಕಿತ್ತು.

ಕೈ ಒಬ್ಬರದ್ದು, ಬಳಪ ಇನ್ನೊಬ್ಬರದ್ದು

ಉಳಿದದ್ದು 33 ಬರೆದ ನಾಲ್ವರು. ಇವರ ತೊಂದರೆ ಬೇರೆ. ಮ್ಯಾಟಿನ ಮೇಲೆ 43−16 ಮಾಡಿ 27 ಅಂತ ಖುಷಿಯಾಗಿ ಹೇಳುತ್ತಿದ್ದರು. ಅದೇ ಲೆಕ್ಕವನ್ನು ಸ್ಲೇಟಿನಲ್ಲಿ ಬರೆದು 33 ತರುತ್ತಿದ್ದರು. ಎರಡು ಉತ್ತರ ಬೇರೆಬೇರೆ ಬಂದರೂ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೊದಲು ದುಡ್ಡಿನ ಲೆಕ್ಕ, ಸ್ಲೇಟ್ ಲೆಕ್ಕ ಅಂತ ಎರಡಿದ್ದವು. ಈಗ ಬ್ಲಾಕ್ ಲೆಕ್ಕ ಅಂತ ಮೂರನೆಯದೊಂದು ಸೇರಿಕೊಂಡಿತ್ತು.

ನಾನು ಮಾಡುತ್ತಿದ್ದದ್ದು ಹೀಗೆ: ಮೊದಲ ಅರ್ಧ ಗಂಟೆ ಬ್ಲಾಕ್, ಆಮೇಲೆ ಬ್ಲಾಕ್ ಎತ್ತಿಟ್ಟು ಸ್ಲೇಟ್. ಎರಡರ ನಡುವೆ ದಾರಿಯೇ ಇರಲಿಲ್ಲ. ಅದನ್ನು ಬದಲಾಯಿಸಿ ಇಬ್ಬರಿಬ್ಬರನ್ನು ಕೂರಿಸಿದೆ. ಒಬ್ಬರು ಬ್ಲಾಕ್ ಮುಟ್ಟಬೇಕು, ಬರೆಯುವ ಹಾಗಿಲ್ಲ. ಇನ್ನೊಬ್ಬರ ಕೈಯಲ್ಲಿ ಬಳಪ, ಅವರು ಬ್ಲಾಕ್ ಮುಟ್ಟುವ ಹಾಗಿಲ್ಲ. ಬ್ಲಾಕ್ ಒಂದು ಸಲ ಅಲುಗಿದರೆ ಬಳಪ ಒಂದು ಸಲ ಅಲುಗಬೇಕು.

ಸ್ಲೇಟಿನ ಮೇಲೆ ಹ, ಬಿ ಅಂತ ಎರಡು ಮನೆ. ಅದರಡಿ 43, ಕೆಳಗೆ 16. ಬ್ಲಾಕ್ ಹುಡುಗಿ ಒಂದು ಕೋಲು ಎತ್ತಿ ಡಬ್ಬಿಗೆ ಹಾಕುತ್ತಾಳೆ. ತಕ್ಷಣ ಬಳಪದ ಹುಡುಗ 4 ಹೊಡೆದು 3 ಬರೆಯಬೇಕು, ಅಲ್ಲಿವರೆಗೆ ಅವಳು ಕಾಯಬೇಕು. ಅವಳು ಹತ್ತು ಬಿಡಿ ತಂದು ಇದ್ದ ಮೂರರ ಜೊತೆ ಸುರಿಯುತ್ತಾಳೆ. ಅವನು 3 ಹೊಡೆದು 13 ಬರೆಯುತ್ತಾನೆ. ಅವಳು ಆರು ಬಿಡಿ ಎತ್ತುತ್ತಾಳೆ, ಅವನು ಗೆರೆಯ ಕೆಳಗೆ 7 ಬರೆಯುತ್ತಾನೆ. ಅವಳು ಒಂದು ಕೋಲು ಎತ್ತುತ್ತಾಳೆ, ಅವನು 2 ಬರೆಯುತ್ತಾನೆ. ಕೊನೆಗೆ ಸ್ಲೇಟನ್ನು ಮ್ಯಾಟಿನ ಪಕ್ಕ ಇಟ್ಟು ಎರಡೂ ಒಂದೇ ಹೇಳುತ್ತಿವೆಯಾ ನೋಡಬೇಕು. ಹೇಳದಿದ್ದರೆ ಜಗಳ. ಆ ಜಗಳದಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ. ನಾನು ಕೊಟ್ಟ ವಿವರಣೆಗಿಂತ ಜಾಸ್ತಿ ಕೆಲಸ ಆ ಜಗಳ ಮಾಡಿತು.

ಸುಮಾರು ಎಂಟನೇ ದಿನ ಅಂಗಡಿ ಹುಡುಗಿ ಬಳಪ ಹಿಡಿದಿದ್ದಳು. ಅಭ್ಯಾಸ ಬಲ, ಬಿಡಿ ಮನೆ ನೋಡಿದವಳೇ ತಿರುಗಿಸಿ ಕಳೆದು 3 ಬರೆದಳು. ಬ್ಲಾಕ್ ಇನ್ನೂ ಅಲುಗಿಯೇ ಇರಲಿಲ್ಲ. ಜೊತೆಯವನು "ಏಯ್, ನಾನಿನ್ನೂ ಚಿಲ್ಲರೆನೇ ಮಾಡ್ಸಿಲ್ಲ" ಅಂದ. ಅವಳು ಮ್ಯಾಟ್ ನೋಡಿದಳು, ಸ್ಲೇಟ್ ನೋಡಿದಳು. "ಮೂರೇ ಇದೆ, ಆರು ಹೆಂಗ್ ತೆಗೀತೀಯ" ಅಂತ ತನಗೆ ತಾನೇ ಹೇಳಿಕೊಂಡು ಅಂಗೈಯಲ್ಲಿ ಆ 3ನ್ನು ಒರೆಸಿದಳು. ಅವಳ ಸ್ಲೇಟಿನ ಮೂರು ಮತ್ತು ಮ್ಯಾಟಿನ ಮೂರು ಒಂದೇ ಆದದ್ದನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ.

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ಲಾಕ್ ಕೈಗೆ ಬಂದರೆ ಬಹಳ ಮಕ್ಕಳು ಮೊದಲು ಕೋಲು ಎತ್ತುತ್ತಾರೆ, ಆಮೇಲೆ ಬಿಡಿ. 43ರಿಂದ 10 ಹೋಗಿ 33, ಆಮೇಲೆ ಚಿಲ್ಲರೆ, ಆಮೇಲೆ 6 ಹೋಗಿ 27. ಇದೇನೂ ತಪ್ಪಲ್ಲ, ಬಾಯಿಲೆಕ್ಕಕ್ಕೆ ಇದೇ ಚೆಂದ. ಬ್ಲಾಕ್ ಮಾತ್ರ ಇದ್ದಾಗ ಬಿಟ್ಟೆ. ಬಳಪ ಜೊತೆಗಿದ್ದಾಗ ಮಾತ್ರ ಬಿಡಿಯಿಂದಲೇ ಶುರು ಅಂದೆ, ಇಲ್ಲದಿದ್ದರೆ ಬರೆದ ಉತ್ತರವನ್ನೇ ಮತ್ತೆ ಹೊಡೆದು ತಿದ್ದಬೇಕಾಗುತ್ತದೆ. ಯಾಕೆ ಅನ್ನುವುದನ್ನು ಒಂದು ಸಲ ಹಾಗೇ ಮಾಡಿಸಿ ತೋರಿಸಿದೆ. ಗಲೀಜಾದ ಸ್ಲೇಟ್ ನೋಡಿ ಒಪ್ಪಿಕೊಂಡರು.

ಅಕ್ಟೋಬರ್ ಹೊತ್ತಿಗೆ ಹೊಸ ತಾಪತ್ರಯ. ಚಿಲ್ಲರೆ ಮಾಡಿಸುವುದು ಎಷ್ಟು ಇಷ್ಟವಾಯಿತು ಅಂದರೆ ಎಲ್ಲದಕ್ಕೂ ಚಿಲ್ಲರೆ. 47−15ಕ್ಕೆ ಉರ್ದು ಮಾತಾಡುವ ಹುಡುಗ 212 ಅಂತ ಬರೆದ. ಕೋಲು ಕೊಟ್ಟು 17 ಬಿಡಿ ಮಾಡಿದ, ಐದು ತೆಗೆದ, 12 ಉಳಿಯಿತು, ಹಾಗೇ ಬರೆದ. ಎರಡು ಕೋಲು ಉಳಿದಿದ್ದವು, 2 ಬರೆದ. ಮ್ಯಾಟಿನ ಮೇಲೆ ಎರಡು ಕೋಲು ಹನ್ನೆರಡು ಬಿಡಿ, ಅಂದರೆ 32. ಬ್ಲಾಕ್ ಸರಿಯಾಗಿಯೇ ಇತ್ತು! ಹತ್ತು ಬಿಡಿ ಕೊಟ್ಟು ಕೋಲು ವಾಪಸ್ ತಗೋ ಅಂದೆ. ಅದಾದ ಮೇಲೆ ಬ್ಲಾಕ್ ಮುಟ್ಟುವ ಮೊದಲು "ಚಿಲ್ಲರೆ ಬೇಕಾ, ಬೇಡವಾ?" ಅಂತ ಹೇಳಿಯೇ ಮುಂದೆ ಹೋಗಬೇಕು ಅನ್ನುವ ನಿಯಮ ಮಾಡಿದೆ. ಚಿಲ್ಲರೆ ಬೇಕಾದ ಲೆಕ್ಕಗಳನ್ನೇ ಸಾಲಾಗಿ ಮಾಡಿಸಿದ್ದು ನನ್ನ ತಪ್ಪು. ಮೊದಲ ವಾರದಿಂದಲೇ ಎರಡೂ ಬಗೆಯನ್ನು ಬೆರೆಸಿ ಕೊಡಬೇಕಿತ್ತು.

ದಸರಾ ಆದ ಮೇಲೆ

ದಸರಾ ರಜೆ ಮುಗಿಸಿ ಬಂದಾಗ ಜಡೆ ಹುಡುಗಿ ಮತ್ತೆ 37ಕ್ಕೆ ಹೋಗಿದ್ದಳು. ಕೋಲು ಕೊಡುವುದನ್ನು ಕೈ ಮರೆತಿತ್ತು. ಈ ಸಲ ಬ್ಲಾಕ್ ಇಡಲಿಲ್ಲ. ಗೆರೆ, ಚುಕ್ಕೆ ಬರೆಸಿದೆ. ಹತ್ತಕ್ಕೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕೆ. ಚಿಲ್ಲರೆ ಮಾಡಿಸುವಾಗ ಒಂದು ಗೆರೆ ಹೊಡೆದು ಹತ್ತು ಚುಕ್ಕೆ ಇಡಬೇಕು. ನಾಲ್ಕು ದಿನದಲ್ಲಿ ಸರಿಹೋಯಿತು. ಬ್ಲಾಕ್ ಡಬ್ಬಿಯನ್ನು ಒಂದು ಟವೆಲ್ ಮುಚ್ಚಿ ಮೂಲೆಯಲ್ಲೇ ಇಟ್ಟಿದ್ದೆ. ಅನುಮಾನ ಬಂದವರು ಹೋಗಿ ನೋಡಿ ಬರಬಹುದಿತ್ತು. ನವೆಂಬರ್ ಕೊನೆಗೆ ಟವೆಲ್ ತೆಗೆಯುವವರು ಕಡಿಮೆಯಾದರು.

ಡಿಸೆಂಬರ್‌ನಲ್ಲಿ ಹತ್ತು ಲೆಕ್ಕಗಳ ಒಂದು ಹಾಳೆ ಮಾಡಿದೆ. ಈ ಸಲ ಹುಷಾರಾಗಿ. ಬಿಡಿಗಳ ವ್ಯತ್ಯಾಸ 5 ಬರುವ ಲೆಕ್ಕ ಒಂದೂ ಹಾಕಲಿಲ್ಲ. ಮೂರು ಲೆಕ್ಕಕ್ಕೆ ಚಿಲ್ಲರೆ ಬೇಡ. ಎರಡರಲ್ಲಿ ಮೇಲೆ ಸೊನ್ನೆ, 30−14 ಥರದ್ದು. ಆರು ಜನರಲ್ಲಿ ಐವರು ಎಂಟಕ್ಕಿಂತ ಕಡಿಮೆ ಇಲ್ಲದಂತೆ ಸರಿ ಮಾಡಿದರು. ಕಿಟಕಿ ಹುಡುಗನಿಗೆ ಬಂದದ್ದು ನಾಲ್ಕು. ಅದರಲ್ಲಿ ಮೂರು ಚಿಲ್ಲರೆ ಬೇಡದವು.

ಅವನ ತಪ್ಪುಗಳನ್ನು ಬೇರೆಯಾಗಿ ಬರೆದುಕೊಂಡು ನೋಡಿದೆ. 42−18ಕ್ಕೆ 25. 54−17ಕ್ಕೆ 38. 30−14ಕ್ಕೆ 17. ಹತ್ತರ ಮನೆ ಎಲ್ಲ ಕಡೆ ಸರಿ, ಹೊಡೆದದ್ದು ಸರಿ, ಬಿಡಿ ಮನೆಯಲ್ಲಿ ಪ್ರತಿ ಸಲ ಒಂದು ಜಾಸ್ತಿ. ಪಕ್ಕದಲ್ಲಿ ಕೂರಿಸಿಕೊಂಡು "13ರಲ್ಲಿ 8 ಕಳಿ" ಅಂದೆ. ಬೆರಳು ಮಡಚುತ್ತಾ ಎಣಿಸಿದ: "13, 12, 11, 10, 9, 8, 7, 6. ಆರು ಮಿಸ್." ಹೊರಡುವ ಊರನ್ನೂ ಒಂದು ಹೆಜ್ಜೆ ಅಂತ ಎಣಿಸುತ್ತಿದ್ದ. ಸ್ಥಾನಬೆಲೆ, ಚಿಲ್ಲರೆ, ಕೋಲು ಎಲ್ಲ ಅವನಿಗೆ ಬಂದಿತ್ತು. ಬರದೇ ಇದ್ದದ್ದು ಹಿಂದಕ್ಕೆ ಎಣಿಸುವುದು. ಸೆಪ್ಟೆಂಬರ್‌ನಲ್ಲಿ ಬಿಡಿ ತಿರುಗಿಸಿ 6ರಲ್ಲಿ 3 ಕಳೆಯುತ್ತಿದ್ದಾಗ ಎದುರಿಗೆ ಚಿಕ್ಕ ಸಂಖ್ಯೆಗಳಿದ್ದವು. ಬೆರಳು ಮಡಚಿ ಉಳಿದದ್ದು ನೋಡಿದರೆ ಸಾಕಿತ್ತು, ಹಿಂದಕ್ಕೆ ಎಣಿಸುವ ಕೆಲಸವೇ ಬರುತ್ತಿರಲಿಲ್ಲ. ಮ್ಯಾಟಿನ ಮೇಲೆ ಮಾಡುವಾಗ ಉಳಿದ ಬಿಡಿಗಳನ್ನು ಮುಟ್ಟಿ ಎಣಿಸುತ್ತಿದ್ದ, ಅಲ್ಲೂ ತಪ್ಪು ಬರುತ್ತಿರಲಿಲ್ಲ. ಬ್ಲಾಕ್ ಇರುವವರೆಗೆ ಬ್ಲಾಕೇ ಅವನ ತಪ್ಪನ್ನು ಮುಚ್ಚಿಟ್ಟಿತ್ತು. ಬ್ಲಾಕ್ ಎತ್ತಿದ ಮೇಲೆ ತಿಂಗಳಿಗೊಮ್ಮೆಯಾದರೂ ಇಂಥ ಹಾಳೆ ಕೊಟ್ಟಿದ್ದರೆ ನವೆಂಬರ್‌ನಲ್ಲೇ ಗೊತ್ತಾಗುತ್ತಿತ್ತು.

ಹಿಂದಕ್ಕೆ ಎಣಿಸುವುದನ್ನು ತಿದ್ದಲು ಹತ್ತು ದಿನ ನೋಡಿದೆ. ಅಷ್ಟು ಗಟ್ಟಿಯಾಗಲಿಲ್ಲ. ಆಮೇಲೆ ಬೇರೆ ದಾರಿ ಹಿಡಿದೆ. ಚಿಲ್ಲರೆ ಮಾಡಿಸಿ ತಂದ ಹತ್ತು ಬಿಡಿಗಳನ್ನು ಹಳೇ ಬಿಡಿಗಳ ಜೊತೆ ಸುರಿಯಬೇಡ, ಬೇರೆಯಾಗಿ ಸಾಲು ಇಡು ಅಂದೆ. 43−18 ಅಂದುಕೊಳ್ಳಿ. ಇಲ್ಲಿ ಮೂರು ಬಿಡಿ, ಅಲ್ಲಿ ಹತ್ತರ ಸಾಲು. ಎಂಟನ್ನು ಪೂರ್ತಿ ಆ ಹತ್ತರ ಸಾಲಿನಿಂದಲೇ ತೆಗಿ. ಎರಡು ಉಳಿಯಿತು. ಇಲ್ಲಿನ ಮೂರು ಸೇರಿಸಿದರೆ ಐದು. 13ರಿಂದ ಹಿಂದಕ್ಕೆ ಎಣಿಸುವ ಕೆಲಸವೇ ಇಲ್ಲ. ಎಂಟಕ್ಕೆ ಎಷ್ಟು ಸೇರಿದರೆ ಹತ್ತು ಅನ್ನುವುದು ಗೊತ್ತಿದ್ದರೆ ಸಾಕು. ಅದು ಅವನಿಗೆ ಒಂದನೇ ತರಗತಿಯಿಂದಲೂ ಬಾಯಿಪಾಠ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಅವನ ಸ್ಲೇಟು ನೋಡಿದೆ. 42−17. 2ನ್ನು 12 ಮಾಡಿರಲಿಲ್ಲ. 2ರ ತಲೆಯ ಮೇಲೆ ಪುಟ್ಟದಾಗಿ 10 ಅಂತ ಬರೆದು, ಅದರ ಪಕ್ಕ ಇನ್ನೂ ಪುಟ್ಟದಾಗಿ 3 ಬರೆದು, ಕೆಳಗೆ 5 ಇಳಿಸಿದ್ದ. ಉತ್ತರ 25. ನಲಿ-ಕಲಿ ಕಾರ್ಡಿನಲ್ಲಿರುವ ಹಾಗೆ ಬರೆದಿಲ್ಲವಲ್ಲ, ತಿದ್ದಲಾ ಅಂದುಕೊಂಡೆ. ಆಮೇಲೆ ಹಾಗೇ ಬಿಟ್ಟು ಸರಿ ಗುರುತು ಹಾಕಿದೆ.